ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತು ಎನ್ನುವ ಹಿರಿಯರು: ತಟ್ಟೆ ದೊಡ್ಡದಾಗಬೇಕಿಲ್ಲ

ಪ್ರಶ್ನೆ: ನಮ್ಮ ತಾಯಿಗೆ 78 ವರ್ಷ. ಆರು ತಿಂಗಳಲ್ಲಿ ತೂಕ 52 ಕೆಜಿಯಿಂದ 48ಕ್ಕೆ ಇಳಿದಿದೆ. "ಯಾವುದಕ್ಕೂ ರುಚಿಯೇ ಇಲ್ಲ" ಅನ್ನುತ್ತಾರೆ, ನಾಲ್ಕು ತುತ್ತು ತಿಂದರೆ "ಹೊಟ್ಟೆ ತುಂಬಿತು" ಅಂತ ತಟ್ಟೆ ಸರಿಸುತ್ತಾರೆ. ಬೆಳಿಗ್ಗೆ ಒಂದು ಬಟ್ಟಲು ತೆಳು ಗಂಜಿ, ಮಧ್ಯಾಹ್ನ ಸ್ವಲ್ಪ ಅನ್ನ, ಮೂರು ಸಲ ಚಹಾ, ರಾತ್ರಿ ಒಂದು ಲೋಟ ಹಾಲು, ಇಷ್ಟೇ. ಸಕ್ಕರೆ ಕಾಯಿಲೆ ಇಲ್ಲ. ಬಿಪಿ ಮಾತ್ರೆ, ಕಾಲುರಿಗೆ ರಾತ್ರಿ ಅಮಿಟ್ರಿಪ್ಟಿಲಿನ್ ಇದೆ. ಹಸಿವಾಗಲಿ ಅಂತ ಸೈಪ್ರೊಹೆಪ್ಟಡಿನ್ ಇರುವ ಟಾನಿಕ್ ಎರಡು ತಿಂಗಳಿಂದ ಕೊಡುತ್ತಿದ್ದೇವೆ, ನಿದ್ದೆ ಬರುತ್ತದೆಯೇ ಹೊರತು ಹಸಿವಿಲ್ಲ. ವಯಸ್ಸಾದ ಮೇಲೆ ಇದು ಸಹಜವೇ? ಬಲವಂತ ಮಾಡಿ ತಿನ್ನಿಸಬೇಕೇ?

ಉತ್ತರ: ಬಲವಂತ ಬೇಡ. ತುಂಬಿದೆ ಎನ್ನುವ ಹೊಟ್ಟೆಗೆ ಇನ್ನೆರಡು ತುತ್ತು ತುರುಕಿದರೆ ವಾಕರಿಕೆ ಬರುತ್ತದೆ. ಮರುದಿನ ಅದೇ ತಟ್ಟೆ ಕಂಡರೆ ಮೊದಲ ತುತ್ತೂ ಬೇಡವಾಗುತ್ತದೆ. ಇನ್ನು ಸಹಜವೇ ಎಂಬುದು. ವಯಸ್ಸಿನ ಜೊತೆ ಹಸಿವು ಸ್ವಲ್ಪ ತಗ್ಗುವುದು ಸಹಜ, ಆದರೆ ಆರು ತಿಂಗಳಲ್ಲಿ ನಾಲ್ಕು ಕೆಜಿ ಇಳಿಯುವುದು ಸಹಜವಲ್ಲ. ಪ್ರಯತ್ನಪಡದೆಯೇ ಆರರಿಂದ ಹನ್ನೆರಡು ತಿಂಗಳೊಳಗೆ ಶೇ 5ರಷ್ಟು ತೂಕ ಇಳಿದರೆ ಕಾರಣ ಹುಡುಕಲೇಬೇಕು. ನಿಮ್ಮ ತಾಯಿಯದು ಶೇ 8ರ ಹತ್ತಿರ ಬಂದಿದೆ. ಹಾಗಾಗಿ ಮನೆಯಲ್ಲಿ ಊಟ ಬದಲಿಸುವುದು ಮತ್ತು ವೈದ್ಯರ ತಪಾಸಣೆ ಎರಡೂ ಒಟ್ಟಿಗೇ ನಡೆಯಬೇಕು. ಒಂದು ಮುಗಿದ ಮೇಲೆ ಇನ್ನೊಂದು ಎಂದು ಕಾಯಬೇಡಿ.

ಮೊದಲು ಮೂರು ದಿನ ಅವರು ಊಟ ಮಾಡುವಾಗ ಪಕ್ಕದಲ್ಲಿ ಕುಳಿತು ಸುಮ್ಮನೆ ಗಮನಿಸಿ. ಎಲ್ಲಿ ನಿಲ್ಲಿಸುತ್ತಾರೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ. ಮೊದಲ ತುತ್ತಿಗೇ ಮುಖ ಸಿಂಡರಿಸಿ, ಬಾಯಲ್ಲೇ ಹೊರಳಿಸಿ ಕಷ್ಟಪಟ್ಟು ನುಂಗಿದರೆ ತೊಂದರೆ ಮೂಗು ಮತ್ತು ಬಾಯಿಯದು. ಮೊದಲ ಮೂರು ನಾಲ್ಕು ತುತ್ತು ಆಸೆಯಿಂದಲೇ ತಿಂದು ಆಮೇಲೆ ಮೇಲುಹೊಟ್ಟೆ ಮುಟ್ಟಿಕೊಂಡು ಸಾಕು ಎಂದರೆ ಜಠರದ್ದು. ಊಟಕ್ಕೆ ಕರೆದರೂ ಏಳುವುದಿಲ್ಲ, ಮಾತು ಬೇಡ, ಮೊಮ್ಮಕ್ಕಳೂ ಬೇಡ ಎಂಬಂತಿದ್ದರೆ ಖಿನ್ನತೆಯನ್ನೋ ಒಳಗೆ ಅಡಗಿರುವ ಬೇರೆ ಕಾಯಿಲೆಯನ್ನೋ ಹುಡುಕಬೇಕಾಗುತ್ತದೆ. ನುಂಗುವಾಗ ಕೆಮ್ಮು ಬಂದರೆ ಅಥವಾ ಅನ್ನ ಎದೆಯಲ್ಲಿ ನಿಂತಂತಾದರೆ ಅದು ಹಸಿವಿನ ಸಮಸ್ಯೆಯೇ ಅಲ್ಲ, ನುಂಗುವ ಸಮಸ್ಯೆ. ಅದಕ್ಕೆ ತಕ್ಷಣ ವೈದ್ಯರನ್ನು ನೋಡಬೇಕು. ನಿಮ್ಮ ವಿವರಣೆಯಲ್ಲಿ ಮೊದಲ ಎರಡೂ ಬೆರೆತಿವೆ. ಈ ವಯಸ್ಸಿನಲ್ಲಿ ಹೆಚ್ಚಾಗಿ ಕಾಣುವುದೂ ಈ ಬೆರಕೆಯೇ.

ಜಠರದ ಕಥೆ ಹೀಗೆ. ಊಟ ಒಳಗೆ ಬೀಳುತ್ತಿದ್ದಂತೆ ಜಠರದ ಮೇಲ್ಭಾಗ ಸಡಿಲಗೊಂಡು ಜಾಗ ಮಾಡಿಕೊಡಬೇಕು. ಆಹಾರ ಅಲ್ಲಿ ಸ್ವಲ್ಪ ಹೊತ್ತು ತಂಗಿ, ನಿಧಾನವಾಗಿ ಕೆಳಭಾಗಕ್ಕೆ ಇಳಿದು, ಅಲ್ಲಿ ಅರೆದು ಕರುಳಿಗೆ ಹೋಗಬೇಕು. ವಯಸ್ಸಾದಂತೆ ಮೇಲ್ಭಾಗದ ಈ ಸಡಿಲಿಕೆ ಕುಗ್ಗುತ್ತದೆ. ತಿಂದದ್ದು ಬೇಗನೆ ಕೆಳಭಾಗಕ್ಕೆ ಬಂದು ಅಲ್ಲಿನ ಗೋಡೆಯನ್ನು ಹಿಗ್ಗಿಸುತ್ತದೆ. "ತುಂಬಿತು" ಎಂಬ ಸಂದೇಶ ಮಿದುಳಿಗೆ ಹೋಗುವುದು ಮುಖ್ಯವಾಗಿ ಈ ಹಿಗ್ಗುವಿಕೆಯಿಂದ. ಅದೇ ಹೊತ್ತಿಗೆ ಜಠರ ಖಾಲಿಯಾಗುವ ವೇಗವೂ ಸ್ವಲ್ಪ ಕುಸಿದಿರುತ್ತದೆ. ಸಣ್ಣ ಊಟದಲ್ಲಿ ಆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ, ದೊಡ್ಡ ಊಟದಲ್ಲಿ ಎದ್ದು ಕಾಣುತ್ತದೆ. ಇದರ ಮೇಲೆ, ಕರುಳಿನಲ್ಲಿ ಕೊಬ್ಬು ಮತ್ತು ಪ್ರೋಟೀನ್ ಕಂಡಾಗ ಹೊರಡುವ ಕೊಲಿಸಿಸ್ಟೊಕೈನಿನ್ ಎಂಬ ಹಾರ್ಮೋನು ಹಿರಿಯರಲ್ಲಿ ಹೆಚ್ಚಿರುತ್ತದೆ. ಸಾಕು ಎನಿಸುವುದೂ ಜಠರದ ಬಾಗಿಲನ್ನು ಬಿಗಿ ಮಾಡುವುದೂ ಇದರದೇ ಕೆಲಸ. ಹೀಗಾಗಿ ನಿಮ್ಮ ತಾಯಿ ನಾಲ್ಕು ತುತ್ತಿಗೆ ಹೊಟ್ಟೆ ತುಂಬಿತು ಎನ್ನುವುದು ಹಟವಲ್ಲ. ಮಿದುಳಿಗೆ ಬಂದ ಸಂದೇಶವನ್ನೇ ಅವರು ಹೇಳುತ್ತಿದ್ದಾರೆ.

ಮೂಗಿನದು ಬೇರೆ. ನಾವು ರುಚಿ ಎನ್ನುವುದರಲ್ಲಿ ನಾಲಿಗೆಯ ಪಾಲು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ ಎನ್ನುವ ಮಾಂಸರಸದಂಥ ರುಚಿ, ಇಷ್ಟೇ. ಉಳಿದದ್ದೆಲ್ಲ ಅಗಿಯುವಾಗ ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ಪರಿಮಳ. 65 ದಾಟಿದವರಲ್ಲಿ ಘ್ರಾಣಶಕ್ತಿ ಕುಗ್ಗುವುದು ತುಂಬ ಸಾಮಾನ್ಯ. ಅದು ನಿಧಾನವಾಗಿ ಆಗುವುದರಿಂದ "ನನಗೆ ವಾಸನೆ ತಿಳಿಯುವುದಿಲ್ಲ" ಎಂದು ಯಾರೂ ಹೇಳುವುದಿಲ್ಲ, "ಅಡುಗೆ ಸಪ್ಪೆ" ಎನ್ನುತ್ತಾರೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹಣ್ಣಿನ ಪರಿಮಳದ ಎರಡು ಮೂರು ಬಗೆಯ ಪೆಪ್ಪರಮೆಂಟು ತನ್ನಿ. ಕಣ್ಣು ಮುಚ್ಚಿಸಿ, ಮೂಗು ಹಿಡಿಸಿ, ಒಂದನ್ನು ನಾಲಿಗೆಯ ಮೇಲಿಡಿ. ಯಾರಿಗಾದರೂ ಆಗ ಸಿಹಿ ಅಥವಾ ಹುಳಿ ಮಾತ್ರ ತಿಳಿಯುತ್ತದೆ. ಕೆಲವು ಕ್ಷಣ ಬಿಟ್ಟು ಮೂಗು ಬಿಡಿಸಿ. ಮೂಗು ಚೆನ್ನಾಗಿದ್ದವರಿಗೆ "ಓ, ಕಿತ್ತಳೆ" ಎಂದು ಥಟ್ಟನೆ ಹೊಳೆಯುತ್ತದೆ. ಮೂಗು ಬಿಟ್ಟ ಮೇಲೂ ಬರೀ ಸಿಹಿ ಎಂದೇ ಹೇಳಿದರೆ, ಮತ್ತೊಂದು ಬಗೆಯದರಲ್ಲೂ ಹಾಗೇ ಆದರೆ, ಹೋಗಿರುವುದು ಘ್ರಾಣ. ಸಿಹಿಯೂ ತಿಳಿಯದಿದ್ದರೆ ನಾಲಿಗೆ ಒಣಗಿದೆಯೇ, ಬಿಳಿ ಪದರ ಕಟ್ಟಿದೆಯೇ ನೋಡಿ. ಬಾಯಲ್ಲಿ ಶಿಲೀಂಧ್ರದ ಸೋಂಕು, ಅಳತೆ ತಪ್ಪಿದ ಹಲ್ಲಿನ ಸೆಟ್ಟು, ಒಸಡಿನ ಕೀವು ಇವೆಲ್ಲ ರುಚಿ ಕೆಡಿಸುತ್ತವೆ, ಮತ್ತು ಇವೆಲ್ಲಕ್ಕೂ ಚಿಕಿತ್ಸೆ ಇದೆ. ನುಂಗುವಾಗ ಕೆಮ್ಮು ಬರುವವರಿಗೆ ಮಾತ್ರ ಈ ಪೆಪ್ಪರಮೆಂಟಿನ ಪರೀಕ್ಷೆ ಬೇಡ.

ಈಗ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದ ವಿಷಯ: ಆ ಎರಡು ಔಷಧಗಳು. ಅಮಿಟ್ರಿಪ್ಟಿಲಿನ್ ಲಾಲಾರಸವನ್ನು ಒಣಗಿಸುತ್ತದೆ, ಜಠರ ಮತ್ತು ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತದೆ. ಆಹಾರದ ರುಚಿ ಲಾಲಾರಸದಲ್ಲಿ ಕರಗಿದ ಮೇಲಷ್ಟೇ ನಾಲಿಗೆಗೆ ತಲುಪುವುದು. ಬಾಯಿ ಒಣಗಿದವರಿಗೆ ಎಂಥ ಅಡುಗೆಯೂ ಹಿಟ್ಟು ಜಗಿದಂತೆ. ಸೈಪ್ರೊಹೆಪ್ಟಡಿನ್ ಕೂಡ ಇದೇ ಜಾತಿಯ ಗುಣವುಳ್ಳದ್ದು. ಅದು ಅಲರ್ಜಿಯ ಹಳೆಯ ಔಷಧ. ಹಸಿವು ಹೆಚ್ಚಿಸುತ್ತದೆ ಎಂಬ ಹೆಸರು ಅದಕ್ಕಿದೆ, ಆದರೆ ಹಿರಿಯರಲ್ಲಿ ಬಾಯಿ ಒಣಗಿಸುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ತೂಕಡಿಕೆ, ಗೊಂದಲ, ಬೀಳುವ ಭಯ ಇವೇ ಹೆಚ್ಚು. ಅಂದರೆ ನೀವು ಸರಿಪಡಿಸಬೇಕೆಂದಿರುವ ಮೂರನ್ನೂ, ಒಣ ಬಾಯಿ, ಸಪ್ಪೆ ರುಚಿ, ನಿಧಾನದ ಜಠರ, ಎರಡು ಔಷಧಗಳು ಸೇರಿ ಇನ್ನಷ್ಟು ಕೆಡಿಸುತ್ತಿರಬಹುದು. ಟಾನಿಕ್ ಮುಂದುವರಿಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಅದನ್ನು ನಿಲ್ಲಿಸುವ ಮಾತನ್ನು ನಿಮ್ಮ ವೈದ್ಯರ ಬಳಿ ಈ ವಾರವೇ ಎತ್ತಿ. ಅಮಿಟ್ರಿಪ್ಟಿಲಿನ್ ಅನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಥಟ್ಟನೆ ಬಿಟ್ಟರೆ ನಿದ್ದೆಗೆಡುವುದು, ವಾಕರಿಕೆ, ಚಡಪಡಿಕೆ ಆಗುತ್ತದೆ. ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸಿ, ಕಾಲುರಿಗೆ ಬೇರೆ ದಾರಿ ಹುಡುಕುತ್ತಾರೆ.

ಪತ್ರದಲ್ಲಿ ಬರೆಯದ ಮಾತ್ರೆಗಳೂ ಇರುತ್ತವೆ. ಕಬ್ಬಿಣ, ಕ್ಯಾಲ್ಸಿಯಂ, ನೋವಿನ ಮಾತ್ರೆ, ನಿದ್ದೆಯ ಮಾತ್ರೆ, ಬೇರೆ ಪದ್ಧತಿಯ ಚೂರ್ಣ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಿರಿ. ಹೃದಯಕ್ಕೆ ಕೊಡುವ ಡಿಗಾಕ್ಸಿನ್, ಮರೆವಿಗೆ ಕೊಡುವ ಡೊನೆಪೆಜಿಲ್, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ತೀವ್ರ ನೋವಿನ ಟ್ರಮಡಾಲ್ ಇವೆಲ್ಲ ಹಸಿವನ್ನು ಕದಿಯಬಲ್ಲವು. ಡಿಗಾಕ್ಸಿನ್ ಅಂತೂ ರಕ್ತದಲ್ಲಿನ ಮಟ್ಟ ಸರಿಯಾಗಿದೆ ಎಂದು ವರದಿ ಬಂದಾಗಲೂ ಹಿರಿಯರಿಗೆ ಊಟ ಸೇರದಂತೆ ಮಾಡಬಹುದು.

ತಪಾಸಣೆಯ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬೇಗ ಹೊಟ್ಟೆ ತುಂಬುವುದರ ಜೊತೆಗೆ ತೂಕವೂ ಇಳಿಯುತ್ತಿದ್ದರೆ, 78ರ ವಯಸ್ಸಿನಲ್ಲಿ, ಜಠರದ ಎಂಡೋಸ್ಕೋಪಿ ಆಗದೆ "ಇದು ವಯಸ್ಸಿನದು" ಎಂಬ ತೀರ್ಮಾನಕ್ಕೆ ಬರಬಾರದು. ಹುಣ್ಣು, ಜಠರದ ಕೆಳ ಬಾಯಿ ಕಿರಿದಾಗುವುದು, ಕ್ಯಾನ್ಸರ್ ಇವೆಲ್ಲ ಶುರುವಿನಲ್ಲಿ ಹೀಗೇ ಇರುತ್ತವೆ. ಬೆಳಿಗ್ಗೆ ತಿಂದದ್ದು ಸಂಜೆ ಗುರುತು ಸಿಗುವಂತೆ ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ, ಕಣ್ಣು ಹಳದಿಯಾದರೆ ದಿನ ನೋಡುತ್ತ ಕೂರಬೇಡಿ. ರಕ್ತದಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಮೂತ್ರಪಿಂಡ, ಯಕೃತ್ತು, ಸಕ್ಕರೆ, ಸೋಡಿಯಂ ಮತ್ತು ಕ್ಯಾಲ್ಸಿಯಂ ನೋಡಬೇಕು. ಥೈರಾಯ್ಡ್ ಹೆಚ್ಚಾದರೆ ಹಸಿವು ಜಾಸ್ತಿಯಾಗಬೇಕಲ್ಲವೇ ಎಂದು ಕೇಳುವವರಿದ್ದಾರೆ. ಹಿರಿಯರಲ್ಲಿ ಎಷ್ಟೋ ಸಲ ಉಲ್ಟಾ: ಮಂಕಾಗಿ ಕೂತಿರುತ್ತಾರೆ, ಊಟ ಬಿಡುತ್ತಾರೆ, ತೂಕ ಇಳಿಯುತ್ತದೆ. ಜಠರ ಖಾಲಿಯಾಗುವ ವೇಗವನ್ನೇ ಅಳೆಯುವ ಸ್ಕ್ಯಾನ್ ಕೂಡ ಇದೆ. ವಿಕಿರಣದ ಗುರುತು ಬೆರೆಸಿದ ಊಟ ತಿನ್ನಿಸಿ ನಾಲ್ಕು ಗಂಟೆಯವರೆಗೆ ಚಿತ್ರ ತೆಗೆಯುತ್ತಾರೆ. ಕೊನೆಯಲ್ಲಿ ಶೇ 10ಕ್ಕಿಂತ ಹೆಚ್ಚು ಉಳಿದಿದ್ದರೆ ಜಠರ ನಿಧಾನ ಎಂದರ್ಥ. ಆದರೆ ಎಂಡೋಸ್ಕೋಪಿ ಸರಿಯಿದ್ದು, ವಾಂತಿ ಇಲ್ಲದವರಿಗೆ ಇದರ ಅಗತ್ಯ ಬೀಳುವುದು ಕಡಿಮೆ.

ಇನ್ನು ತಟ್ಟೆ. ಹಿರಿಯರಿಗೆ ದಿನಕ್ಕೆ ಕೆಜಿಗೆ ಸುಮಾರು 30 ಕ್ಯಾಲೊರಿ, 1ರಿಂದ 1.2 ಗ್ರಾಂ ಪ್ರೋಟೀನ್ ಎಂಬುದು ರೂಢಿಯ ಲೆಕ್ಕ. 48 ಕೆಜಿಗೆ ಅದು 1,400ರ ಮೇಲೆ ಕ್ಯಾಲೊರಿ, 48ರಿಂದ 58 ಗ್ರಾಂ ಪ್ರೋಟೀನ್. ನೀವು ಬರೆದ ಊಟದಲ್ಲಿ ಹೆಚ್ಚೆಂದರೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್ ಸಿಗುತ್ತಿರಬಹುದು. ಒಮ್ಮೆಗೇ ಎರಡರಷ್ಟು ಮಾಡಲಾಗುವುದಿಲ್ಲ, ಮಾಡಲೂಬಾರದು. ಎರಡು ವಾರದಲ್ಲಿ 1,100ರ ಸುತ್ತ ತಲುಪಿದರೆ ಒಳ್ಳೆಯ ಆರಂಭ. ನಿಮ್ಮ ತಾಯಿಗೆ ಅನ್ವಯಿಸದಿದ್ದರೂ ಒಂದು ಎಚ್ಚರಿಕೆ: ಐದಾರು ದಿನ ಏನೂ ತಿನ್ನದೇ ಇದ್ದವರಿಗೆ ಮನೆಯಲ್ಲಿ ದಿಢೀರನೆ ಹೆಚ್ಚು ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಷಿಯಂ ಕುಸಿದು ಅಪಾಯವಾಗುತ್ತದೆ. ಅಂಥವರಿಗೆ ಆಸ್ಪತ್ರೆಯಲ್ಲೇ ಶುರು ಮಾಡಬೇಕು.

ಜಠರ ಗಮನಿಸುವುದು ಹೆಚ್ಚಾಗಿ ಗಾತ್ರವನ್ನು. ಆದ್ದರಿಂದ ಗಾತ್ರ ಇಳಿಸಿ ಸತ್ವ ಏರಿಸಬೇಕು. ಅವರ ಬೆಳಗಿನ ಗಂಜಿಯನ್ನೇ ತೆಗೆದುಕೊಳ್ಳಿ. ನಾಲ್ಕು ಚಮಚ ಹಿಟ್ಟು, ಅಂದರೆ 20 ಗ್ರಾಂ, 250 ಮಿಲಿ ನೀರಿನಲ್ಲಿ ಕುದಿಸಿದರೆ ದೊಡ್ಡ ಬಟ್ಟಲು ತುಂಬುತ್ತದೆ, ಆದರೆ ಸಿಗುವುದು 70 ಕ್ಯಾಲೊರಿ, 2 ಗ್ರಾಂ ಪ್ರೋಟೀನ್ ಅಷ್ಟೇ. ಅದನ್ನೇ ಹೀಗೆ ಮಾಡಿ: 15 ಗ್ರಾಂ ಹಿಟ್ಟನ್ನು 100 ಮಿಲಿ ಗಟ್ಟಿ ಹಾಲು ಮತ್ತು ಎರಡು ಮೂರು ಚಮಚ ನೀರಿನಲ್ಲಿ ಗಂಟಾಗದಂತೆ ಕದಡಿ ಬೇಯಿಸಿ. ಇಳಿಸಿದ ಮೇಲೆ ಎರಡು ದೊಡ್ಡ ಚಮಚ ಕೆನೆಸಹಿತ ಹಾಲಿನ ಪುಡಿ, ಒಂದು ಸಣ್ಣ ಚಮಚ ಬೆಣ್ಣೆ, ಒಂದು ಚಮಚ ಸಕ್ಕರೆ ಕೂಡಿಸಿ. ಹಾಲಿನ ಪುಡಿಯನ್ನು ಮೊದಲು ಸ್ವಲ್ಪ ಬೆಚ್ಚನೆಯ ಹಾಲಿನಲ್ಲಿ ಕಲಸಿಕೊಂಡರೆ ಮುದ್ದೆಗಟ್ಟುವುದಿಲ್ಲ. ಬಟ್ಟಲು ಅರ್ಧಕ್ಕೆ ನಿಂತಿರುತ್ತದೆ, ಒಳಗೆ 250 ಕ್ಯಾಲೊರಿ ಮತ್ತು 8ರಿಂದ 9 ಗ್ರಾಂ ಪ್ರೋಟೀನ್ ಇರುತ್ತದೆ. ಅರ್ಧ ಬಟ್ಟಲು ಕಂಡಾಗ "ಇಷ್ಟು ತಿನ್ನಲಾರೆ" ಎಂಬ ಮಾತೂ ಬರುವುದಿಲ್ಲ.

ಇದನ್ನು ಬೆಳಿಗ್ಗೆಯೇ ಕೊಡಿ. ರಾತ್ರಿಯೆಲ್ಲ ಖಾಲಿಯಾದ ಜಠರ ದಿನದಲ್ಲಿ ಅತಿ ಹೆಚ್ಚು ಹಿಡಿಯುವುದು ಆಗಲೇ. ಜೊತೆಗೆ ಚೆನ್ನಾಗಿ ಬೆಂದ ಒಂದು ಮೊಟ್ಟೆ ಸೇರಿದರೆ ಇನ್ನು 6 ಗ್ರಾಂ ಪ್ರೋಟೀನ್ ಬಂತು. ಹತ್ತೂವರೆಗೆ 150 ಮಿಲಿ ಹಾಲಿಗೆ ಎರಡು ದೊಡ್ಡ ಚಮಚ ಹಾಲಿನ ಪುಡಿ ಕದಡಿ ಕೊಡಿ, ಇದರಲ್ಲಿ 170 ಕ್ಯಾಲೊರಿ, 9 ಗ್ರಾಂ ಪ್ರೋಟೀನ್ ಇದೆ. ಹನ್ನೆರಡೂವರೆಗೆ ಈಗ ತಿನ್ನುವಷ್ಟೇ ಅನ್ನ ಸಾಕು, ಆದರೆ ಮೆತ್ತಗೆ ಬೆಂದ ಬೇಳೆ ಅಥವಾ ಮೊಸರು ಜಾಸ್ತಿ, ಮೇಲೆ ಎರಡು ಸಣ್ಣ ಚಮಚ ಎಣ್ಣೆ ಅಥವಾ ಬೆಣ್ಣೆ. ಒಂದು ಸಣ್ಣ ಚಮಚಕ್ಕೆ 40 ಕ್ಯಾಲೊರಿ, ಗಾತ್ರ ಲೆಕ್ಕಕ್ಕಿಲ್ಲ. ನಾಲ್ಕು ಗಂಟೆಗೆ ಮತ್ತೆ ಅದೇ ಹಾಲು. ಆರೂವರೆ ಏಳರೊಳಗೆ ಬೆಳಗಿನಂಥದೇ ಒಂದು ಮೆತ್ತನೆಯ ಪದಾರ್ಥ. ಎಲ್ಲ ಕೂಡಿದರೆ 1,100 ಕ್ಯಾಲೊರಿ ದಾಟುತ್ತದೆ, ಪ್ರೋಟೀನ್ 48ರ ಹತ್ತಿರ ಬರುತ್ತದೆ. ಯಾವ ಹೊತ್ತಿನಲ್ಲೂ ತಟ್ಟೆ ದೊಡ್ಡದಾಗಿಲ್ಲ ಎಂಬುದನ್ನು ಗಮನಿಸಿ. ಹಾಲು ಹೊಟ್ಟೆ ಉಬ್ಬರಿಸಿದರೆ ಮೊಸರಿಗೆ ಅಥವಾ ಲ್ಯಾಕ್ಟೋಸ್ ತೆಗೆದ ಹಾಲಿಗೆ ಬದಲಿಸಿ. ಮೂತ್ರಪಿಂಡದ ತೊಂದರೆ ಇದೆ ಎಂದು ಗೊತ್ತಾದರೆ ಪ್ರೋಟೀನ್ ಲೆಕ್ಕವನ್ನು ವೈದ್ಯರೇ ಹೇಳಬೇಕು.

ಇದರಲ್ಲಿ ಜನ ಎಡವುವ ಜಾಗ ಹೊತ್ತಿನದು. ಸತ್ವದ ಹಾಲನ್ನು ಊಟದ ಜೊತೆಗೋ ಅದಕ್ಕೆ ಅರ್ಧ ಗಂಟೆ ಮೊದಲೋ ಕೊಟ್ಟುಬಿಡುತ್ತಾರೆ. ಆಗ ಹಾಲು ಊಟದ ಜಾಗವನ್ನೇ ಕಬಳಿಸುತ್ತದೆ, ದಿನದ ಒಟ್ಟು ಲೆಕ್ಕ ಏರುವುದೇ ಇಲ್ಲ. ದ್ರವ ಘನಕ್ಕಿಂತ ಬೇಗ ಜಠರ ದಾಟುತ್ತದೆ, ಆದರೂ ಅದಕ್ಕೆ ಕನಿಷ್ಠ ಒಂದು ಗಂಟೆ, ಸಾಧ್ಯವಾದರೆ ಎರಡು ಗಂಟೆ ಬಿಡಬೇಕು. ನೀರು, ಚಹಾ, ತೆಳು ಸಾರು ಕೂಡ ಊಟಕ್ಕೆ ಮೊದಲು ಬೇಡ. ಊಟದ ನಡುವೆ ಗಂಟಲು ತೇವವಾಗುವಷ್ಟು ಗುಟುಕು ಸಾಕು, ಉಳಿದ ನೀರನ್ನು ಊಟಗಳ ಮಧ್ಯದ ಬಿಡುವಿನಲ್ಲಿ ಕುಡಿಸಿ, ಒಟ್ಟು ನೀರು ಕಡಿಮೆಯಾಗಬಾರದು. ಎರಡನೆಯದು ಕೊಬ್ಬು. ಕಡಿಮೆ ಗಾತ್ರದಲ್ಲಿ ಹೆಚ್ಚು ಸತ್ವ ಕೊಡುವುದು ಕೊಬ್ಬೇ, ಜಠರವನ್ನು ಹೆಚ್ಚು ನಿಧಾನ ಮಾಡುವುದೂ ಅದೇ. ಆದ್ದರಿಂದ ಪ್ರತಿ ಹೊತ್ತಿಗೆ ಒಂದೆರಡು ಸಣ್ಣ ಚಮಚಕ್ಕೆ ನಿಲ್ಲಿಸಿ. ಒಂದೇ ಹೊತ್ತಿಗೆ ಕರಿದ ಪದಾರ್ಥ ಕೊಟ್ಟರೆ ಮುಂದಿನ ಹೊತ್ತಿನ ಊಟ ತಪ್ಪುತ್ತದೆ. ಮೂರನೆಯದು, ಆರೋಗ್ಯಕ್ಕೆ ಒಳ್ಳೆಯದೆಂದು ಹಸಿ ತರಕಾರಿ, ತೌಡು ತುಂಬಿಸುವುದು. ಅದು ಜಾಗ ಹಿಡಿದು ಸತ್ವ ಕೊಡುವುದಿಲ್ಲ. ಮಲಬದ್ಧತೆ ಇದ್ದರೆ ಬೆಂದ ತರಕಾರಿ, ಮೆತ್ತನೆಯ ಹಣ್ಣು ಕೊಡಿ, ಸಾಲದಿದ್ದರೆ ವೈದ್ಯರಿಂದ ಮಲ ಸಡಿಲಿಸುವ ಔಷಧ ಕೇಳಿ. ಮಲಬದ್ಧತೆಯನ್ನು ಕಡೆಗಣಿಸಬೇಡಿ, ಕೆಳಗೆ ಕಟ್ಟಿಕೊಂಡರೆ ಮೇಲೆ ಜಠರವೂ ನಿಧಾನವಾಗುತ್ತದೆ.

ತಿನ್ನುವಾಗ ಬೆನ್ನು ನೆಟ್ಟಗಿರಲಿ, ಮುಗಿದ ಮೇಲೆ ಒಂದು ಗಂಟೆಯಾದರೂ ಮಲಗದಿರಲಿ. ಆಗುವುದಾದರೆ ಮನೆಯೊಳಗೇ ಹತ್ತು ನಿಮಿಷ ಅಡ್ಡಾಡಲಿ.

ರುಚಿಗೆ ಬಂದರೆ, ಸಪ್ಪೆ ಎಂದಾಗಲೆಲ್ಲ ಉಪ್ಪು ಹಾಕುವುದು ನಿಮ್ಮ ತಾಯಿಯ ಬಿಪಿಗೆ ಸಲ್ಲದು, ಮತ್ತು ಕೊರತೆ ಇರುವುದು ಉಪ್ಪಿನದಲ್ಲ, ಪರಿಮಳದ್ದು. ಅಡುಗೆಯನ್ನು ಬಿಸಿಯಾಗಿ, ಬಡಿಸುವ ಹೊತ್ತಿಗೆ ಒಗ್ಗರಣೆ ಅಥವಾ ಹೆಚ್ಚಿದ ಸೊಪ್ಪು ಹಾಕಿ ಕೊಡಿ. ಪರಿಮಳದ ಎಣ್ಣೆಗಳು ಬಿಸಿಗೆ ಹಾರಿ ಮೂಗಿಗೆ ಏರುತ್ತವೆ, ಅರ್ಧ ಗಂಟೆ ಮೊದಲೇ ಹಾಕಿದರೆ ಹೊರಟುಹೋಗಿರುತ್ತವೆ. ನಿಂಬೆಯ ಹುಳಿ ಜೊಲ್ಲು ಸುರಿಸುತ್ತದೆ, ಒಣ ಬಾಯಿಗೆ ಇದು ಎರಡು ಕೆಲಸ ಮಾಡಿದ ಹಾಗೆ. ಬಾಯಲ್ಲಿ ಹುಣ್ಣಿದ್ದರೆ ಮಾತ್ರ ಬೇಡ. ಬೆಂದ ಟೊಮೆಟೊ, ಅಣಬೆ, ಹಳೆಯ ಚೀಸ್ ಉಮಾಮಿ ಕೊಡುತ್ತವೆ. ಮೂಗು ಹೋದವರಿಗೂ ಉಳಿದಿರುವ ಸುಖ ಮೇಲ್ಮೈಯದು: ಮೆತ್ತಗಿನ ಅನ್ನದ ಜೊತೆ ಕುರುಕಲು ಏನಾದರೂ, ಬಿಸಿಯ ಪಕ್ಕ ತಣ್ಣಗಿನದು. ಹಲ್ಲು, ನುಂಗುವಿಕೆ ಸರಿಯಿದ್ದರೆ ಇದನ್ನು ಧಾರಾಳವಾಗಿ ಬಳಸಿ. ತುತ್ತಿಗೆ ಮೊದಲು ಬಾಯಿ ಮುಕ್ಕಳಿಸಿ ನಾಲಿಗೆ ಉಜ್ಜುವುದರಿಂದಲೂ ಎಷ್ಟೋ ಜನರಿಗೆ ವ್ಯತ್ಯಾಸ ತಿಳಿಯುತ್ತದೆ. ಸತುವಿನ ಮಾತ್ರೆಯ ಬಗ್ಗೆ ಬಹಳ ಜನ ಕೇಳುತ್ತಾರೆ. ಸತುವಿನ ಕೊರತೆ ಇದ್ದವರಿಗೆ ಅದು ಉಪಯೋಗ, ಎಲ್ಲರಿಗೂ ಅಲ್ಲ, ಹೆಚ್ಚಾದರೆ ವಾಕರಿಕೆ ತರಿಸುತ್ತದೆ. ಘ್ರಾಣ ಹೋಗಿರುವುದು ಖಚಿತವಾದರೆ ಇನ್ನೊಂದು ಕೆಲಸ ಬಾಕಿ ಇದೆ: ಅವರು ಒಬ್ಬರೇ ಅಡುಗೆ ಮಾಡುವುದಾದರೆ ಗ್ಯಾಸ್ ಸೋರಿಕೆ ತಿಳಿಸುವ ಅಲಾರಂ ಹಾಕಿಸಿ, ಫ್ರಿಜ್ಜಿನ ಡಬ್ಬಗಳ ಮೇಲೆ ದಿನಾಂಕ ಬರೆಯಿರಿ. ಕೆಟ್ಟ ಆಹಾರದ ವಾಸನೆ ಅವರಿಗೆ ತಿಳಿಯುವುದಿಲ್ಲ.

ಜಠರವನ್ನು ಚುರುಕುಗೊಳಿಸುವ ಮಾತ್ರೆ ಇಲ್ಲವೇ ಎಂದು ಮುಂದೆ ನೀವು ಕೇಳಬಹುದು. ಇವೆ, ಆದರೆ ಹಿರಿಯರಿಗೆ ನಾನು ಅವುಗಳಿಂದ ಶುರು ಮಾಡುವವನಲ್ಲ. ಮೆಟೊಕ್ಲೋಪ್ರಮೈಡ್ ಕೈ ನಡುಕ, ಬಿಗಿತ ತರುತ್ತದೆ. ಬಹಳ ಕಾಲ ಕೊಟ್ಟರೆ ತುಟಿ, ನಾಲಿಗೆ ತಾವಾಗಿಯೇ ಆಡುವ ತೊಂದರೆ ಬರಬಹುದು, ಔಷಧ ಬಿಟ್ಟ ಮೇಲೂ ಅದು ಉಳಿಯಬಹುದು. ಡೊಂಪೆರಿಡೋನ್ ಹೃದಯದ ಲಯ ಕೆಡಿಸುವ ಅಪಾಯ 60 ದಾಟಿದವರಲ್ಲಿ ಹೆಚ್ಚು. ಅದನ್ನು ಕೊಡಲೇಬೇಕಾದರೆ ಇಸಿಜಿ ನೋಡಿ, ಕಡಿಮೆ ಪ್ರಮಾಣದಲ್ಲಿ, ಕೆಲವೇ ದಿನ. ಹಸಿವು ಹೆಚ್ಚಿಸುವ ಮೆಜೆಸ್ಟ್ರಾಲ್ ತೂಕವನ್ನು ಸ್ವಲ್ಪ ಏರಿಸಬಹುದು, ಆದರೆ ರಕ್ತನಾಳದಲ್ಲಿ ಗಡ್ಡೆ ಕಟ್ಟುವ ಅಪಾಯ ಇದೆ. ಅಮೆರಿಕದ ಜೆರಿಯಾಟ್ರಿಕ್ಸ್ ಸೊಸೈಟಿ ಹಿರಿಯರ ತೂಕ ಇಳಿಕೆಗೆ ಇಂಥ ಹಸಿವಿನ ಔಷಧಗಳನ್ನು ಬಳಸದಿರಿ ಎಂದೇ ಹೇಳಿದೆ. ಖಿನ್ನತೆ ಇರುವುದು ಖಚಿತವಾದರೆ ಮಾತ್ರ ಮಾತು ಬೇರೆ. ಆಗ ಹಸಿವನ್ನೂ ಸ್ವಲ್ಪ ಏರಿಸುವ ಮಿರ್ಟಜಪಿನ್ ಅನ್ನು ವೈದ್ಯರು ಯೋಚಿಸಬಹುದು.

ಫಲ ಸಿಗುತ್ತಿದೆಯೇ ಎಂದು ತಿಳಿಯಲು ಊಟದ ಪ್ರಮಾಣವನ್ನು ನಂಬಬೇಡಿ, ತಕ್ಕಡಿಯನ್ನು ನಂಬಿ. ವಾರಕ್ಕೊಮ್ಮೆ, ಒಂದೇ ತಕ್ಕಡಿ, ಬೆಳಿಗ್ಗೆ ಶೌಚ ಮುಗಿಸಿ ಏನೂ ತಿನ್ನುವ ಮೊದಲು, ಹೆಚ್ಚುಕಡಿಮೆ ಅದೇ ತೂಕದ ಬಟ್ಟೆಯಲ್ಲಿ ತೂಗಿ ಬರೆದಿಡಿ. ಜೊತೆಗೆ ಕಾಲಿನ ಗಿಣ್ಣಿನ ಹತ್ತಿರ ಹೆಬ್ಬೆರಳಿನಿಂದ ಒತ್ತಿ ನೋಡಿ. ಕುಳಿ ಬಿದ್ದರೆ ಏರಿದ ತೂಕ ನೀರಿನದು, ಮಾಂಸದ್ದಲ್ಲ. ಮೊದಲ ಎರಡು ವಾರ ತೂಕ ಇಳಿಯದೆ ನಿಂತರೆ ಅದೇ ಲಾಭ. ತಿಂಗಳಲ್ಲಿ ಅರ್ಧ ಕೆಜಿ ಏರಿದರೆ ಲೆಕ್ಕ ಸರಿಯಾಗಿ ಸಾಗಿದೆ, ಆಗ ಮಧ್ಯಾಹ್ನದ ಊಟಕ್ಕೆ ಒಂದು ಮೊಟ್ಟೆಯನ್ನೋ ರಾತ್ರಿ ಮಲಗುವ ಒಂದೂವರೆ ಗಂಟೆ ಮೊದಲು ಮೂರನೆಯ ಲೋಟ ಹಾಲನ್ನೋ ಸೇರಿಸಿ. ಔಷಧ ಬದಲಾಗಿ, ಊಟವೂ ಹೀಗೇ ನಡೆದು, ನಾಲ್ಕು ವಾರದ ಮೇಲೂ ತೂಕ ಇಳಿಯುತ್ತಲೇ ಇದ್ದರೆ ಎಂಡೋಸ್ಕೋಪಿ ಸರಿ ಬಂದಿದ್ದರೂ ವೈದ್ಯರ ಬಳಿ ಮತ್ತೆ ಹೋಗಿ. ಆ ತೂಕದ ಪಟ್ಟಿಯನ್ನೂ ಮೂರು ದಿನ ತಿಂದದ್ದನ್ನೆಲ್ಲ ಬರೆದ ಚೀಟಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋದರೆ, ಹೊಟ್ಟೆ ಮತ್ತು ಎದೆಯ ಸ್ಕ್ಯಾನ್ ಬೇಕೇ ಎಂಬುದನ್ನು ಅವರು ಅಲ್ಲೇ ತೀರ್ಮಾನಿಸಬಹುದು.